ಬೀಸುವ ಕಲ್ಲಿನ ಆಚೆ ಬದಿಯ ಓಬಕ್ಕ

ಬೆಳಗಿನ ಐದೂವರೆ. ಮಧುಗಿರಿಯ ಬೆಟ್ಟದ ನೆತ್ತಿಗೆ ಮಾತ್ರ ಬೆಳಕು ಬಿದ್ದಿದೆ, ಬುಡದ ಕೇರಿಗಳು ಇನ್ನೂ ಕತ್ತಲಲ್ಲಿವೆ. ಕೋಟೆ ಬಾಗಿಲ ಕಡೆಯಿಂದ ಒಬ್ಬ ಹೆಂಗಸು ಇಳಿದು ಬರುತ್ತಾಳೆ. ಹೆಗಲಿಗೆ ಗೋಣಿಚೀಲ, ಸೊಂಟಕ್ಕೆ ಸಿಕ್ಕಿಸಿದ ಸುತ್ತಿಗೆ, ಕಂಕುಳಲ್ಲಿ ಬುತ್ತಿ. ಮೊದಲ ಬೀದಿಯ ತಿರುವಿನಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುತ್ತಾಳೆ.

“ಕಲ್ಲಿಗೆ ಉಳಿ ಹಾಕಿಸ್ತೀರೇನ್ರಮ್ಮೋ... ಬೀಸೋ ಕಲ್ಲು, ಒರಳು ಕಲ್ಲೂ...”

ಎದುರು ಮನೆಯ ಬಾಗಿಲು ತೆರೆಯುತ್ತದೆ. “ಲೇ ಓಬಕ್ಕ, ಕೋಳಿಗಿಂತ ಮುಂಚೆ ಕೂಗ್ತೀಯಲ್ಲೇ!”

“ಕೋಳಿಗೇನಮ್ಮಾ, ಕೂಗ್ಬುಟ್ಟು ಮತ್ತೆ ಮಲಿಕ್ಕಂತದೆ. ನಾನು ಕೂಗಿದ ಮೇಲೆ ಕುಟ್ಟಲೂಬೇಕು.”

ಐದೇ ನಿಮಿಷದಲ್ಲಿ ಆ ಮನೆಯ ಜಗಲಿಗೆ ಬೀಸುವ ಕಲ್ಲು ಬರುತ್ತದೆ. ಓಬಕ್ಕ ಮೇಲಿನ ಕಲ್ಲನ್ನು ಮಗುಚಿ, ಅದರ ಮೈಮೇಲೆ ಅಂಗೈ ಆಡಿಸುತ್ತಾಳೆ. ಮೂರು ನಾಲ್ಕು ತಿಂಗಳು ರಾಗಿ ಬೀಸಿದ ಕಲ್ಲು ನುಣುಪಾಗಿರುತ್ತದೆ, ಕಾಳು ಅರೆಯದೆ ಜಾರುತ್ತದೆ, ಹಿಟ್ಟು ಬಿಸಿಯಾಗಿ ಮುದ್ದೆಯ ರುಚಿ ಕೆಡುತ್ತದೆ. ಅದನ್ನು ಮತ್ತೆ ಒರಟು ಮಾಡಬೇಕು. ಅವಳು ಕಾಲು ಮಡಿಸಿ ಕೂತು, ಉಳಿಯ ಮೊನೆಯನ್ನು ನಡುವಿನ ತೂತಿನ ಹತ್ತಿರ ಇಟ್ಟು ಸಣ್ಣ ಸಣ್ಣ ಏಟು ಹಾಕುತ್ತಾ ಅಂಚಿನತ್ತ ಸರಿಯುತ್ತಾಳೆ. ಟಿಕ್ ಟಿಕ್ ಟಿಕ್. ನಡುವಿನಲ್ಲಿ ಚುಕ್ಕಿಗಳು ವಿರಳ, ಅಂಚಿನಲ್ಲಿ ದಟ್ಟ. ಒಂದು ಕಲ್ಲಿಗೆ ಸಾವಿರದ ಮೇಲೆ ಏಟು. ದಿನಕ್ಕೆ ನಾಲ್ಕು ಕಲ್ಲು, ಸುಗ್ಗಿಯಾದ ಮೇಲೆ ಐದಾರು. ಕಲ್ಲಿಗೊಂದು ಸೇರು ರಾಗಿ. ನಡಿಗೆ ಎಂಟು ಹತ್ತು ಮೈಲಿ. ಎರಡು ಉಳಿಗಳು ವಾರಕ್ಕೊಮ್ಮೆ ಕಮ್ಮಾರನ ಕುಲುಮೆಗೆ ಹೋಗುತ್ತವೆ. ಅವಳ ಬಲಗಣ್ಣಿನ ಕೆಳಗೆ ಮೂರು ಕಪ್ಪು ಚುಕ್ಕಿಗಳಿವೆ. ಹಾರಿಬಂದ ಕಲ್ಲಿನ ಚೂರುಗಳು ಒಳಗೇ ಉಳಿದುಹೋದವು. “ಹಚ್ಚೆ ಹಾಕಿಸ್ಕಳಕ್ಕೆ ಕಾಸು ಕೊಡ್ತಾರೆ, ನಂಗೆ ಬಿಟ್ಟಿ ಸಿಕ್ತು” ಎಂದು ನಗುತ್ತಾಳೆ.

ನಮ್ಮ ವಾರಪತ್ರಿಕೆಗಳು ದಿವಾನರು ಯಾವ ಊರಿಗೆ ಸವಾರಿ ಬಂದರು, ಯಾವ ಕಟ್ಟಡಕ್ಕೆ ಅಡಿಗಲ್ಲು ಇಟ್ಟರು ಎಂದು ಬರೆಯುತ್ತವೆ. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಮುದ್ದೆ ಯಾರ ಏಟಿನಿಂದ ನುಣ್ಣಗಾಗುತ್ತದೆ ಎಂದು ಯಾರೂ ಬರೆಯುವುದಿಲ್ಲ. ಆದರೆ ಈ ಲೇಖನ ಉಳಿ ಸುತ್ತಿಗೆಗಳದ್ದಷ್ಟೇ ಅಲ್ಲ. ಓಬಕ್ಕನಿಗೆ ಇನ್ನೊಂದು ಕೆಲಸವಿದೆ. ಅದಕ್ಕೆ ಹೆಸರಿಲ್ಲ, ಕೂಲಿಯಿಲ್ಲ. ಕಲಿಯಲು ಅವಳಿಗೆ ಹೆಚ್ಚು ವರ್ಷ ಹಿಡಿದದ್ದು ಅದೇ.

ಈ ಸೀಮೆಯ ರೈತರ ಮನೆಗಳಲ್ಲಿ ಒಂದು ರೂಢಿ ಇದೆ. ಮನೆಯಲ್ಲಿ ಸಾವಾದ ದಿನ ಬೀಸುವ ಕಲ್ಲಿನ ಮೇಲಿನ ಬಿಲ್ಲೆಯನ್ನು ಎತ್ತಿ ಗೋಡೆಗೆ ಒರಗಿಸುತ್ತಾರೆ. ಕರ್ಮಾಂತರ ಮುಗಿಯುವವರೆಗೆ ಅಕ್ಕಪಕ್ಕದವರು ಹಿಟ್ಟು ಕೊಡುತ್ತಾರೆ. ಆಮೇಲೆ ಕಲ್ಲಿಗೆ ಹೊಸದಾಗಿ ಉಳಿ ಹಾಕಿಸಿ, ಬಿಲ್ಲೆಯನ್ನು ಕೂರಿಸಿ, ಮನೆಯ ಹೆಂಗಸು ತನ್ನ ಕೈಯಾರೆ ಮೊದಲ ಹಿಡಿ ರಾಗಿಯನ್ನು ಅದರ ಬಾಯಿಗೆ ಹಾಕಬೇಕು. ಬೇರೆ ಯಾರು ಹಾಕಿದರೂ ನಡೆಯದು. ಹೀಗಾಗಿ ಸಾವಿನ ಮನೆಗೆ ಬಂಧುಗಳೆಲ್ಲ ಬಂದು ಹೋದ ಮೇಲೆ, ಜನ ಮಾತು ಮುಗಿಸಿ ಮರೆತ ಮೇಲೆ, ತಪ್ಪದೆ ಬರುವವಳು ಓಬಕ್ಕ. ದುಃಖ ಹೊತ್ತವಳ ಎದುರು ಅರ್ಧ ದಿನ ಕೂರುವವಳೂ ಅವಳೇ.

ಓಬಕ್ಕನ ಮಗಳು ಯಲ್ಲಿ. ಇಪ್ಪತ್ತೊಂದು ವರ್ಷದ ಹಿಂದೆ, ಜರ್ಮನ್ ಯುದ್ಧ ಮುಗಿಯುವ ಹೊತ್ತಿಗೆ ಊರೂರನ್ನೇ ಗುಡಿಸಿದ ಆ ಇನ್‌ಫ್ಲುಯೆಂಜಾ ಜ್ವರದಲ್ಲಿ ಹೋದಳು. ಆಗ ಆರು ವರ್ಷ. ಗಂಡ ಬೆಟ್ಟದಲ್ಲಿ ಕಲ್ಲು ಒಡೆಯಲು ಹೋದರೆ ಓಬಕ್ಕ ಊರೂರಿಗೆ ಉಳಿ ಹಾಕಲು ಹೋಗುತ್ತಿದ್ದಳು, ಯಲ್ಲಿ ಸುತ್ತಿಗೆ ಹೊತ್ತು ಹಿಂದೆ ಹಿಂದೆ ಬರುತ್ತಿದ್ದಳು. ಇದಿಷ್ಟನ್ನು ಕೇಳಿ ತಿಳಿಯಲು ನಾನು ಮೂರು ದಿನ ಅವಳ ಜೊತೆಗೆ ನಡೆಯಬೇಕಾಯಿತು. ಕೇಳಿದರೆ ಹೇಳುತ್ತಾಳೆ, ಕೇಳದಿದ್ದರೆ ಇಲ್ಲ.

“ಮೊದ್ಲು ಅಂಗಿರ್ಲಿಲ್ಲ ಸಾಮಿ” ಎನ್ನುತ್ತಾಳೆ, ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚುತ್ತಾ. “ಯಲ್ಲಿ ಹೋಗಿ ಎರಡು ವರ್ಷಕ್ಕೆ ಸಿರಾ ಕಡೆ ಬುಕ್ಕಾಪಟ್ಟಣಕ್ಕೆ ಹೋಗಿದ್ದೆ. ಅಲ್ಲಿ ನಾಗರತ್ನಮ್ಮ ಅಂತ. ಒಬ್ನೇ ಮಗ ಬಾವಿಗೆ ಬಿದ್ದು ಹೋಗಿದ್ದ. ಅವಳು ಕಂಬಕ್ಕೆ ಒರಗಿ ಕೂತಿದ್ಲು. ನಾನು ಕಲ್ಲು ಕುಟ್ಟುತಾ ಕುಟ್ಟುತಾ, ‘ಅಮ್ಮಾ, ನಿನ್ ಸಂಕಟ ನಂಗೆ ಗೊತ್ತು, ನಂದೂ ಒಂದಿತ್ತು’ ಅಂತ ಶುರು ಹಚ್ಚಿದೆ. ಜ್ವರ ಹೆಂಗೆ ಬಂತು, ನಾಟಿ ವೈದ್ಯ ಏನಂದ, ಕೊನೇಲಿ ನೀರು ಹೆಂಗೆ ಕೇಳಿದ್ಲು, ಎಲ್ಲಾ. ಅಳೂ ಬಂತು. ಬಂದಿದ್ದು ನಿಲ್ಲಲೇ ಇಲ್ಲ.”

“ಅವರೇನು ಮಾಡಿದರು?”

“ಏನ್ ಮಾಡ್ತಾಳೆ! ಎದ್ದು ಬಂದು ನನ್ ಬೆನ್ನು ಸವರಿದ್ಲು. ಒಳಗೋಗಿ ಅಂಬಲಿ ತಂದು ಕೊಟ್ಲು. ಮೂರು ದಿನದಿಂದ ತಾನು ಒಂದು ಗುಟುಕು ಕುಡ್ದಿರ್ಲಿಲ್ಲ, ನಂಗೆ ಕುಡಿಸಿದ್ಲು. ನಾನೂ ಕುಡ್ದೆ! ಹತ್ತಿಯಂಗೆ ಹಗುರಾಗಿ ಹೊಂಟೆ. ಎಂಥಾ ಒಳ್ಳೆ ಮಾತಾಯ್ತು ಅಂದ್ಕಂಡು ಕೆರೆ ಏರಿ ಮೇಲೆ ಹಾಡ್ಕಂಡು ಬಂದೆ. ಅರ್ಧ ಏರಿ ದಾಟಿದ ಮೇಲೆ ಫಕ್ಕನೆ ಹೊಳೀತು. ಆ ಹುಡುಗನ ಹೆಸರೇನು? ನಂಗೆ ಗೊತ್ತಿಲ್ಲ! ಇಡೀ ಹಗಲು ಕೂತಿದ್ದೀನಿ, ಹೆಸರೇ ಕೇಳಿಲ್ಲ!”

ಅವಳು ನಗುತ್ತಾಳೆ, ಆದರೆ ಮುದ್ದೆ ಮುರಿಯುವ ಕೈ ನಿಂತಿದೆ. “ಕಲ್ಲಿಗೆ ಉಳಿ ಹಾಕಕ್ಕೆ ಕರೆದ್ರೆ ನಾನು ಅವಳ ತಲೆಗೆ ಹಾಕ್ಬುಟ್ಟು ಬಂದಿದ್ದೆ.”

ಮಾರನೆಯ ದಿನ ಓಬಕ್ಕ ಬುಕ್ಕಾಪಟ್ಟಣಕ್ಕೆ ಹಿಂತಿರುಗಿದಳು. “ನಿನ್ನೆ ಬರೀ ನನ್ ಮಾತೇ ಆಯ್ತಮ್ಮ. ಇವತ್ತು ನಿನ್ ಮಗನ ಹೆಸರು ಹೇಳು” ಎಂದಳು. ನಾಗರತ್ನಮ್ಮ ಹೆಸರು ಹೇಳಿದರು. ಮಧ್ಯಾಹ್ನದವರೆಗೂ ಹೇಳುತ್ತಲೇ ಇದ್ದರು. ಓಬಕ್ಕ ಆ ದಿನ ಯಲ್ಲಿಯ ಹೆಸರೆತ್ತಲಿಲ್ಲ.

ಹಾಗಾದರೆ ತನ್ನ ಮಗಳ ವಿಷಯ ಹೇಳಲೇಬಾರದೇ? ಇದನ್ನು ಕೇಳಿದರೆ ಓಬಕ್ಕ ಜೋರಾಗಿ ತಲೆಯಾಡಿಸುತ್ತಾಳೆ. “ಯಾಕೆ ಹೇಳಬಾರದು? ಮಗು ಕಳ್ಕಂಡೋಳಿಗೆ ಊರೆಲ್ಲಾ ತನ್ನನ್ನೇ ಬೇರೆ ಥರ ನೋಡ್ತದೆ ಅನ್ನಿಸ್ತದೆ. ಇನ್ನೊಬ್ಳು ಅವ್ಳೆ ಅಂತ ಗೊತ್ತಾದ್ರೆ ಉಸಿರು ಬತ್ತದೆ. ಹೇಳ್ಬೇಕು. ಆದ್ರೆ ಉಪ್ಪಿನಂಗೆ ಹೇಳ್ಬೇಕು ಸಾಮಿ. ಸಾರು ಅವಳ್ದು. ನಾನು ಒಂದು ಚಿಟಿಕೆ. ಹಿಡಿ ಹಿಡಿ ಸುರುವಿದ್ರೆ ಅವಳ ಸಾರು ಅವಳೇ ಉಣ್ಣಕ್ಕಾಗಲ್ಲ.”

ಯಾವಾಗ ಹಾಕಬೇಕು ಆ ಚಿಟಿಕೆ?

“ಅದು ಹೇಳಿ ಬರಲ್ಲ. ಅವಳೇ ಒಂದು ಜಾಗ ಬುಡ್ತಾಳೆ. ನಾಳೆ ಮಿಡಿಗೇಶಿಗೆ ಹೋಗ್ತೀನಿ, ಬನ್ನಿ. ಆದ್ರೆ ದೂರ ಕೂತ್ಕಳಿ. ಆ ಪೆನ್ಸಿಲ್ಲು ಜೇಬಲ್ಲಿರ್ಲಿ. ಅವಳು ಒಪ್ಪಿದ್ರೆ ಆಮೇಲೆ ಬರ್ಕಳಿ.”

ಮಿಡಿಗೇಶಿಯ ಕೋಟೆಬೆಟ್ಟದ ಕೆಳಗೆ ಕದರಪ್ಪನ ಮನೆ. ಅವರ ಹೆಂಡತಿ ಕಾಟಮ್ಮನಿಗೆ ಇಪ್ಪತ್ತೆಂಟು ವರ್ಷ. ನಲವತ್ತು ದಿನದ ಹಿಂದೆ ಅವರ ಎಂಟು ವರ್ಷದ ಮಗಳು ಬೊಮ್ಮಿ ವಿಷಮಶೀತ ಜ್ವರದಲ್ಲಿ ತೀರಿಕೊಂಡಳು. ಕರ್ಮಾಂತರ ಮುಗಿದು ತಿಂಗಳಾದರೂ ಆ ಮನೆಯ ಕಲ್ಲು ಗೋಡೆಗೆ ಒರಗಿಯೇ ಇದೆ. ಅತ್ತೆ ನರಸಮ್ಮ ಎರಡು ಸಲ ಬಿಲ್ಲೆ ಕೂರಿಸಿದರು, ಎರಡು ಸಲವೂ ಕಾಟಮ್ಮ ಇಳಿಸಿಟ್ಟರು. ಕೊಟ್ಟ ಹಿಟ್ಟಿನಲ್ಲಿ ಮನೆ ಉಣ್ಣುತ್ತಿದೆ. ಕಾಟಮ್ಮ ಅದನ್ನೂ ಸರಿಯಾಗಿ ಉಣ್ಣುತ್ತಿಲ್ಲ. ಮಾತು ‘ಹೂಂ’, ‘ಊಹೂಂ’ಗೆ ಇಳಿದಿದೆ. ಸೀರೆ ಸೊಂಟದಲ್ಲಿ ನಿಲ್ಲದಷ್ಟು ಸೊರಗಿದ್ದಾರೆ. “ಒಬ್ಳು ಹೋದ್ಲು, ಇನ್ನೊಬ್ಬಳನ್ನೂ ಕಳ್ಕಂಡುಬುಡ್ತೀವಿ ಅನ್ನಿಸ್ತದೆ ಸ್ವಾಮಿ” ಎಂದು ಕದರಪ್ಪ ಹುಣಸೆ ಮರದ ಕೆಳಗೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳುತ್ತಾರೆ. ಅಲ್ಲಿಂದ ಜಗಲಿಯ ಮಾತು ಚೆನ್ನಾಗಿ ಕೇಳಿಸುತ್ತದೆ.

ಓಬಕ್ಕ ಇಲ್ಲಿಗೆ ಬರುತ್ತಿರುವುದು ಎರಡನೆಯ ಸಲ. ಹೋದ ತಿಂಗಳು ಬಂದು ಕೆಳಗಿನ ಕಲ್ಲಿಗೆ ಮಾತ್ರ ಉಳಿ ಹಾಕಿ, “ಉಳಿ ಮೊಂಡಾಯ್ತು, ಬಿಲ್ಲೆ ಇನ್ನೊಂದಿನ” ಎಂದು ಹೋಗಿದ್ದಳು. ಉಳಿ ಮೊಂಡಾಗಿರಲಿಲ್ಲ. “ಅದು ನನ್ ಕಳ್ಳಾಟ. ಆವತ್ತು ‘ಮಗೀನ ಹೆಸರೇನಮ್ಮ’ ಅಂದೆ, ಅವಳು ಎದ್ದು ಒಳಗೋದ್ಲು. ಅವಳು ತಯಾರಾಗಿಲ್ಲ ಅಂದ್ರೆ ನಾನು ಯಾಕೆ ಅಟ್ಟಿಸ್ಕಂಡೋಗ್ಲಿ? ಅರ್ಧ ಕೆಲಸ ಉಳಿಸ್ಕಂಡ್ರೆ ಮತ್ತೆ ಬರಕ್ಕೆ ನೆಪ ಇರ್ತದೆ.”

ಈಗ ಅವಳು ಬಿಲ್ಲೆಯನ್ನು ಮಗುಚಿಕೊಂಡು ಕುಟ್ಟುತ್ತಿದ್ದಾಳೆ. ಕಾಟಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಾರೆ. ಒಳಗೆ ಹೋಗಲಿಲ್ಲ, ಅಷ್ಟೇ. ಇಬ್ಬರ ನಡುವೆ ಮಾತಿಲ್ಲ.

ಮಾತು ಹೊಳವನಹಳ್ಳಿಯಿಂದ ಬರುತ್ತದೆ, ಮೋಟಾರು ಬಸ್ಸಿನಲ್ಲಿ. ನರಸಮ್ಮನ ತಂಗಿ ಈರಕ್ಕ, ಕೈಚೀಲ ಇಳಿಸುವ ಮೊದಲೇ ಕಾಟಮ್ಮನ ಪಕ್ಕ ಕುಸಿಯುತ್ತಾರೆ.

“ಅಯ್ಯೋ ಕಾಟೀ, ನನ್ ಕಂದಾ! ನಿನ್ ಹೊಟ್ಟೆ ಉರಿ ನಂಗೆ ಗೊತ್ತಿಲ್ವಾ? ನಮ್ಮ ಯಜಮಾನ್ರು ಹೋದಾಗ ನಾನು ಮೂರು ತಿಂಗ್ಳು ಕಣ್ಣು ಮುಚ್ಚಿಲ್ಲ ಕಣೇ. ನಿಂಗಾದ್ರೂ ಗಂಡ ಅವ್ನೆ, ಅತ್ತೆ ಅವ್ಳೆ. ನಂಗೆ ಯಾರಿದ್ರು? ನಾಲ್ಕು ಎಕ್ರೆ ಹೊಲ, ಎರಡು ಎತ್ತು, ಮೈದುನನ ಕಾಟ...” ಈರಕ್ಕನ ದನಿ ಒಡೆಯುತ್ತದೆ. ನಿಜವಾದ ಅಳು. ಒಂಬತ್ತು ವರ್ಷದ ಹಿಂದಿನ ಗಂಡ ಆ ಜಗಲಿಗೆ ಬಂದು ಕೂತುಬಿಡುತ್ತಾನೆ.

ಕಾಟಮ್ಮ ಮೆಲ್ಲನೆ ತಮ್ಮ ಸೆರಗು ಎಳೆದು ಚಿಕ್ಕತ್ತೆಯ ಕಣ್ಣು ಒರೆಸುತ್ತಾರೆ. ಎದ್ದು ಒಳಗೆ ಹೋಗಿ ಮಜ್ಜಿಗೆ ತರುತ್ತಾರೆ. ಲೋಟ ಹಿಡಿದ ಕೈ ಸಣಕಲು ಕಡ್ಡಿ.

ಸುತ್ತಿಗೆ ನಿಲ್ಲುತ್ತದೆ. ಓಬಕ್ಕ ತಲೆ ಎತ್ತಿ ನೋಡುತ್ತಾಳೆ.

“ಈರಕ್ಕಮ್ಮ, ನಿಮ್ದು ದೊಡ್ಡ ಕಥೆ. ಅದನ್ನ ಇಂಗೆ ಟಿಕ್ ಟಿಕ್ ಅನ್ನೋ ಸದ್ದಲ್ಲಿ ಹೇಳಬಾರದು. ಅರ್ಧ ನಂಗೆ ಕೇಳಿಸ್ಲೇ ಇಲ್ಲ! ಹಿತ್ಲಲ್ಲಿ ನಿಮ್ಮಕ್ಕ ಅವರೆಕಾಯಿ ಸುಲೀತಾ ಅವ್ರೆ. ಅವರತ್ರ ಮೊದಲಿಂದ ಹೇಳಿ.”

“ಕೇಳಿಸ್ಲಿಲ್ವಾ? ಎಲ್ಲೀಗಂಟ ಕೇಳಿಸ್ತು?”

“ಎತ್ತಿನವರೆಗೂ.”

“ಅಯ್ಯೋ, ಎತ್ತು ಶುರು ಕಣೇ, ಆಮೇಲೇ ಇರೋದು!” ಎನ್ನುತ್ತಾ ಈರಕ್ಕ ಮಜ್ಜಿಗೆ ಲೋಟದೊಂದಿಗೆ ಹಿತ್ತಲಿಗೆ ನಡೆಯುತ್ತಾರೆ. ಕದರಪ್ಪನ ಮೀಸೆಯ ಕೆಳಗೆ ಎಷ್ಟೋ ದಿನದ ಮೇಲೆ ಏನೋ ಅಲುಗುತ್ತದೆ. ಓಬಕ್ಕ ಆಮೇಲೆ ಈ ಹೆಂಗಸಿನ ಪರವಾಗಿಯೇ ಮಾತಾಡಿದಳು: “ಅವಳ ದುಃಖ ಸುಳ್ಳಲ್ಲ ಸಾಮಿ. ಅದಕ್ಕೂ ಕಿವಿ ಬೇಕು. ಆದ್ರೆ ಕಾಟಮ್ಮನ ಕಿವಿ ಅಲ್ಲ. ಮತ್ತೆ ‘ನಿಂಗಾದ್ರೂ’ ಅಂದ್ಲು ನೋಡಿ, ಅಲ್ಲೇ ಕೆಟ್ಟಿದ್ದು. ದುಃಖಾನ ತಕ್ಕಡಿಗೆ ಹಾಕಬಾರದು.”

ಬಿಲ್ಲೆಯ ಕೆಲಸ ಮುಗಿಯುತ್ತದೆ. ಓಬಕ್ಕ ಅದನ್ನು ಕೆಳಗಿನ ಕಲ್ಲಿನ ಮೇಲೆ ಕೂರಿಸಿ, ತಿರುಗಿಸುವ ಗೂಟ ಬಿಗಿದು, ಚೀಲದಿಂದ ಒಂದು ಸೇರು ತೌಡು ತೆಗೆಯುತ್ತಾಳೆ. ಉಳಿ ಹಾಕಿದ ಕಲ್ಲಿನಲ್ಲಿ ಮೊದಲು ತೌಡು ಬೀಸಬೇಕು. ಕಲ್ಲಿನ ಪುಡಿಯೆಲ್ಲ ಅದರೊಂದಿಗೆ ಹೊರಬರುತ್ತದೆ, ಅದನ್ನು ಎಸೆಯಬೇಕು. ಇದು ಮೊದಲ ಹಿಡಿಯ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಯಾರಿಗೂ ಇದರ ಭಯವಿಲ್ಲ.

“ಕಾಟಮ್ಮ, ಒಂಚೂರು ಆ ಕಡೆ ಹಿಡೀತೀಯಾ? ಇದು ತೌಡು ಕಣಮ್ಮ, ರಾಗಿ ಅಲ್ಲ. ಒಬ್ಳಿಗೆ ಸುತ್ತಲ್ಲ.”

ಕಾಟಮ್ಮ ಸರಿದು ಬಂದು, ಗೂಟವನ್ನು ನಡುವಿನಲ್ಲಿ ಹಿಡಿಯುತ್ತಾರೆ. ಓಬಕ್ಕ ಎದುರು ಕೂತು ಗೂಟದ ಬುಡಕ್ಕೆ, ಕಾಟಮ್ಮನ ಕೈಯ ಕೆಳಗೆ, ಕೈ ಚಾಚುತ್ತಾಳೆ.

“ಅಲ್ಲಿ ಬ್ಯಾಡ.”

ಓಬಕ್ಕನ ಕೈ ತಟ್ಟನೆ ಹಿಂದೆ ಸರಿಯುತ್ತದೆ. ಗೂಟದ ತುದಿಯನ್ನು ಹಿಡಿಯುತ್ತದೆ. “ಇಲ್ಲ, ಹಿಡಿಯಲ್ಲ.”

ಕಲ್ಲು ಗರಗರ ತಿರುಗುತ್ತದೆ. ಒಂದು ಸುತ್ತು, ಹತ್ತು ಸುತ್ತು. ಬೀಸುವ ಕಲ್ಲಿನ ಎದುರುಬದುರು ಕೂತವರು ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಇಬ್ಬರ ಕಣ್ಣೂ ಕಲ್ಲಿನ ಮೇಲೇ ಇರುತ್ತದೆ. ಸುಮ್ಮನಿದ್ದರೂ ಸುಮ್ಮನಿದ್ದಂತೆ ಕಾಣುವುದಿಲ್ಲ. ಅನುವಾದಗೊಂಡು ನಮ್ಮ ಕೈಗೆ ಬರುವ ದೂರದೇಶದ ಕಾದಂಬರಿಗಳಲ್ಲಿ ದುಃಖಿತರು ಪುಟಗಟ್ಟಲೆ ಮಾತಾಡುತ್ತಾರೆ. ಮಿಡಿಗೇಶಿಯಲ್ಲಿ ಒಂದು ವಾಕ್ಯಕ್ಕೆ ನಲವತ್ತು ಸುತ್ತು ಬೇಕಾಗುತ್ತದೆ.

“ಯಾರ ಜಾಗಮ್ಮ ಅದು?” ಓಬಕ್ಕ ಕೇಳುತ್ತಾಳೆ, ತೌಡು ಸರಿಸುತ್ತಾ.

“ಬೊಮ್ಮೀದು.”

“ಬೊಮ್ಮೀದು” ಎಂದು ಓಬಕ್ಕ ಹೆಸರನ್ನು ಹಾಗೆಯೇ ಹಿಂದಕ್ಕೆ ಕೊಡುತ್ತಾಳೆ. ಬೇರೇನೂ ಸೇರಿಸುವುದಿಲ್ಲ.

ಇನ್ನಷ್ಟು ಸುತ್ತು. ಕಾಟಮ್ಮನ ದನಿ ಬಹಳ ದಿನ ಬಳಸದ ಬಾಗಿಲಿನಂತೆ ಬರುತ್ತದೆ. “ದಿನಾ ಕೂತ್ಕಳೋಳು. ನನ್ ಕೈ ಕೆಳ್ಗೆ ಅವಳ ಕೈ. ಈಗ ಹಿಡಿದ್ರೆ... ಕೆಳ್ಗೆ ಖಾಲಿ. ಬೆಳಿಗ್ಗೆ ಎದ್ದು ಎಣ್ಣೆ ಬಟ್ಲು ಹಿಡ್ಕಂಡು ಹೊಸ್ತಿಲ ಮೇಲೆ ಕೂತಿರ್ತೀನಿ ಓಬಕ್ಕ, ಅವಳ ಜಡೆ ಹಾಕಕ್ಕೆ. ಅವಳಿಲ್ಲ ಅಂತ ಗೊತ್ತು. ಆದ್ರೂ ಕೂತಿರ್ತೀನಿ. ನಂಗೆ ತಲೆ ಕೆಟ್ಟೈತೆ ಅಂತಾರೆ. ನಂಗೂ ಅಂಗೇ ಅನ್ನಿಸ್ತದೆ.”

ಇಲ್ಲಿ ಓಬಕ್ಕ ಹೇಳುತ್ತಾಳೆ. ಕಣ್ಣು ಕಲ್ಲಿನ ಮೇಲೇ ಇದೆ, ದನಿ ಏರಿಲ್ಲ, ಇಳಿದಿಲ್ಲ.

“ನಂಗೂ ಒಬ್ಳು ಮಗಳಿದ್ಲು ಕಣಮ್ಮ, ಆರು ವರ್ಷಕ್ಕೆ ಹೋದ್ಲು. ನನ್ ಹಿಂದೆ ನಡ್ಕಂಡು ಬರೋಳು. ಹೋದ ಮೇಲೂ ಒಂದು ವರ್ಷ ನಾನು ರಸ್ತೇಲಿ ಮೆಲ್ಲಗೇ ನಡೀತಿದ್ದೆ, ಅವಳ ಕಾಲಿಗೆ ಸರಿಯಾಗಿ. ತಲೆ ಕೆಟ್ಟಿರ್ಲಿಲ್ಲ. ಕಾಲಿಗೆ ಅಭ್ಯಾಸ ಆಗಿತ್ತು.” ಅಷ್ಟು ಹೇಳಿ, ಉಸಿರು ತೆಗೆದುಕೊಳ್ಳುವಷ್ಟೂ ಬಿಡದೆ, “ಬೊಮ್ಮಿ ಜಡೆ ಒಂದಾ, ಎರಡಾ?” ಎನ್ನುತ್ತಾಳೆ.

ಕಲ್ಲು ಮೂರು ಸುತ್ತು ತಿರುಗಿತ್ತು, ಅಷ್ಟೇ. ಇಪ್ಪತ್ತೊಂದು ವರ್ಷದಲ್ಲಿ ಕಲ್ಲಿಗೆ ಹಾಕಿದ ಏಟುಗಳೆಲ್ಲಕ್ಕಿಂತ ಈ ಮೂರು ಸುತ್ತಿನ ಅಳತೆಯನ್ನು ಕಲಿಯುವುದೇ ಅವಳಿಗೆ ಹೆಚ್ಚು ಕಷ್ಟವಾಗಿತ್ತು. ಜ್ವರದ ಮಾತಿಲ್ಲ, ಕೊನೆಯ ನೀರಿನ ಮಾತಿಲ್ಲ. ತನ್ನ ಇಡೀ ದುಃಖದಿಂದ ಕಾಟಮ್ಮನ ಎಣ್ಣೆ ಬಟ್ಟಲಿನ ಪಕ್ಕದಲ್ಲಿ ಇಡಬಹುದಾದ ಒಂದೇ ಒಂದು ಚೂರನ್ನು ಆರಿಸಿ ಇಟ್ಟು, ಕೈ ತೆಗೆದಿದ್ದಾಳೆ. ‘ನೀನೂ ಹೀಗೆ ಮಾಡು’ ಎನ್ನಲಿಲ್ಲ. ‘ಎಲ್ಲ ಸರಿಹೋಗುತ್ತದೆ’ ಎನ್ನಲಿಲ್ಲ. ನಿನ್ನ ಸಂಕಟ ನನಗೆ ಗೊತ್ತು ಎಂದೂ ಅನ್ನಲಿಲ್ಲ.

“ಎರಡು” ಎನ್ನುತ್ತಾರೆ ಕಾಟಮ್ಮ. “ಎರಡೇ ಬೇಕು ಅವಳಿಗೆ. ಒಂದು ಹಾಕಿದ್ರೆ ಅಜ್ಜಿ ಥರ ಕಾಣ್ತೀನಿ ಅಂತ ಅಳೋಳು.” ಕಣ್ಣು ತುಂಬುತ್ತದೆ. ಓಬಕ್ಕ ತಡೆಯುವುದಿಲ್ಲ, ಕಲ್ಲು ನಿಲ್ಲಿಸುವುದೂ ಇಲ್ಲ, ಸ್ವಲ್ಪ ಮೆಲ್ಲಗೆ ಮಾಡುತ್ತಾಳೆ.

“ಬೀಸಕ್ಕೆ ಬರೋದಾ ಅವಳಿಗೆ?”

“ಎಲ್ಲಿ! ಬರೀ ತೊಂದ್ರೆ. ಕಲ್ಲಿನ ಬಾಯಿಗೆ ಒಂದೇ ಸಲ ತುಂಬೋಳು, ಅದಕ್ಕೆ ಹಸಿವಾಗೈತೆ ಅಂತ. ಒಂದಿನ ನಾನು ಒಳಗೋಗಿ ಬರೋಷ್ಟರಲ್ಲಿ ಕಡ್ಲೇಕಾಯಿ ಬೀಜ ಹಾಕ್ಬುಟ್ಟವಳೆ. ಹಿಟ್ಟೆಲ್ಲಾ ಎಣ್ಣೆ ಎಣ್ಣೆ. ಕಲ್ಲು ಜಾರಿ ಜಾರಿ...” ಕಾಟಮ್ಮನ ಗಂಟಲಿನಿಂದ ಒಂದು ಸದ್ದು ಹೊರಡುತ್ತದೆ. ಅಳುವಿನದೋ ನಗುವಿನದೋ ತಕ್ಷಣ ತಿಳಿಯುವುದಿಲ್ಲ. “ಅತ್ತೆ ಕೋಲು ತಗಂಡು ಓಡಿಸ್ಕಂಡು ಹೋದ್ರು. ಅವಳು ಆ ಹುಣ್ಸೇ ಮರ ಹತ್ತಿ, ‘ಅಜ್ಜೀ, ಮುದ್ದೆಗೆ ಒಗ್ಗರಣೆ ನಾನೇ ಹಾಕಿದ್ದೀನಿ, ಇಳೀಲಾ?’ ಅಂತ ಕೂಗ್ತಾಳೆ.”

ಅದು ನಗುವೇ. ಓಬಕ್ಕನೂ ಹೊಟ್ಟೆ ಹಿಡಿದು ನಗುತ್ತಾಳೆ. ಹಿತ್ತಲಿನಿಂದ ಈರಕ್ಕ ಕಥೆ ನಿಲ್ಲಿಸಿ ಇಣುಕುತ್ತಾರೆ. ನರಸಮ್ಮ ಅವರ ತೋಳು ಹಿಡಿದು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಮ್ಮ ಮೇಲಿನ ಹುಣಸೆ ಕೊಂಬೆಯನ್ನು ಕದರಪ್ಪ ನೋಡುತ್ತಾ ಕೂತಿದ್ದಾರೆ.

ಇನ್ನೂ ಬಹಳ ಮಾತು ಬರುತ್ತದೆ. ಬೊಮ್ಮಿಯ ಜ್ವರದ ಹತ್ತು ದಿನ ಬರುತ್ತದೆ, ಏಳನೆಯ ದಿನವೇ ಮಧುಗಿರಿ ಆಸ್ಪತ್ರೆಗೆ ಹೋಗಬೇಕಿತ್ತೋ ಏನೋ ಎಂಬ ಕೊರಗು ಬರುತ್ತದೆ. ಓಬಕ್ಕ ‘ಹೂಂ’ ಎನ್ನುತ್ತಾಳೆ, ‘ಆಮೇಲೆ?’ ಎನ್ನುತ್ತಾಳೆ. ಅವಳಿಗೂ ಅಂಥದೇ ಒಂದು ಕೊರಗಿದೆ, ನನಗೆ ಹೇಳಿದ್ದಾಳೆ. ಅದು ಅವಳ ತುಟಿಯ ತನಕ ಬಂದು ನಿಂತದ್ದೂ ಕಾಣುತ್ತದೆ. ಹೇಳುವುದಿಲ್ಲ. ಒಂದು ಚಿಟಿಕೆ ಆಗಲೇ ಹಾಕಿಯಾಗಿದೆ.

ಆಗ ಕಾಟಮ್ಮ ತಲೆ ಎತ್ತುತ್ತಾರೆ. “ನಿನ್ ಮಗಳ ಹೆಸರೇನು ಓಬಕ್ಕ?”

“ಯಲ್ಲಿ.”

“ಹೆಂಗಿದ್ಲು?”

“ಬಾಯಿಬಡಕಿ ಕಣಮ್ಮ. ದಾರಿಯುದ್ದಕ್ಕೂ ಸುತ್ತಿಗೆ ಜೊತೆ ಮಾತಾಡೋಳು.” ಒಂದು ನಗೆ. ಕಾಟಮ್ಮನ ಕೈ ಗೂಟ ಬಿಟ್ಟು ಓಬಕ್ಕನ ಮೊಣಕೈ ಕಡೆಗೆ ಬರುತ್ತದೆ, ಸಂತೈಸಲು. ಓಬಕ್ಕ ಆ ಕೈಯನ್ನು ಒಂದು ಕ್ಷಣ ಹಿಡಿದು, ಮೆಲ್ಲನೆ ಗೂಟದ ಮೇಲೆ ಹಿಂದಕ್ಕೆ ಇಡುತ್ತಾಳೆ. “ಅವಳ ಕಥೆಗೆ ಇನ್ನೊಂದಿನ ಬತ್ತೀನಿ. ಇವತ್ತು ಬೊಮ್ಮೀದು. ಸುತ್ತು.”

“ಹೋಗ್ತದಾ ಇದು? ನಿಂಗೆ ಹೋಯ್ತಾ?”

ಜಗಲಿಯ ಮೇಲೆ ಕೇಳಿದ ಅತಿ ಕಷ್ಟದ ಪ್ರಶ್ನೆ ಇದು. ಓಬಕ್ಕ ಕಲ್ಲು ನಿಲ್ಲಿಸಿ ಉತ್ತರಿಸುತ್ತಾಳೆ. “ನಂಗೆ ಪೂರಾ ಹೋಗಿಲ್ಲಮ್ಮ. ನಿಂಗೆ ಹೆಂಗಾಗ್ತದೋ ನಂಗೊತ್ತಿಲ್ಲ, ಸುಳ್ಳು ಹೇಳಲ್ಲ. ಆದ್ರೆ ನಾನು ಮುದ್ದೆ ತಿಂತೀನಿ, ನಗ್ತೀನಿ, ಜಗಳ ಆಡ್ತೀನಿ. ನೋಡ್ತಾ ಇದ್ದೀಯಲ್ಲ.”

ತೌಡು ಮುಗಿದಿದೆ. ಈಗ ಹೊರಬರುವುದರಲ್ಲಿ ಕಲ್ಲಿನ ಪುಡಿ ಇಲ್ಲ. ಓಬಕ್ಕ ಪೊರಕೆಯಿಂದ ಕಲ್ಲು ಗುಡಿಸುತ್ತಾಳೆ. ‘ರಾಗಿ ತಾ’ ಎನ್ನುವುದಿಲ್ಲ. ಚೀಲಕ್ಕೆ ಉಳಿ ಹಾಕಿಕೊಳ್ಳುತ್ತಾಳೆ, ಸೊಂಟಕ್ಕೆ ಸುತ್ತಿಗೆ ಸಿಕ್ಕಿಸುತ್ತಾಳೆ, ಬೇಕೆಂದೇ ತಡ ಮಾಡುತ್ತಾಳೆ. ಕಾಟಮ್ಮ ಎದ್ದು ಒಳಗೆ ಹೋಗುತ್ತಾರೆ. ಬಹಳ ಹೊತ್ತು ಬರುವುದಿಲ್ಲ. ಕದರಪ್ಪ ಬೀಡಿ ಹಚ್ಚಲು ಮರೆತು ಕಡ್ಡಿ ಹಿಡಿದು ಕೂತಿದ್ದಾರೆ.

ಕಾಟಮ್ಮ ಮೊರದಲ್ಲಿ ರಾಗಿ ತಂದು ಕೂರುತ್ತಾರೆ. ಒಂದು ಹಿಡಿ ತೆಗೆದು, ಕಣ್ಣು ಮುಚ್ಚದೆ, ಕಲ್ಲಿನ ಬಾಯಿಗೆ ಹಾಕುತ್ತಾರೆ. ಗೂಟವನ್ನು ನಡುವಿನಲ್ಲಿ ಹಿಡಿಯುತ್ತಾರೆ. ಕೆಳಗಿನ ಜಾಗ ಹಾಗೆಯೇ ಇದೆ. ಅದನ್ನು ಯಾರೂ ಮುಚ್ಚಲಿಲ್ಲ, ಮುಚ್ಚಬೇಕೆಂದು ಯಾರೂ ಹೇಳಲೂ ಇಲ್ಲ. ಹಿಟ್ಟು ಬೂದು ಬಣ್ಣದಲ್ಲಿ ಕಲ್ಲಿನ ಸುತ್ತ ಇಳಿಯತೊಡಗುತ್ತದೆ. ಹೊರಡುವಾಗ ಕಾಟಮ್ಮ ಕೂಗಿ ಹೇಳಿದರು: “ಪೇಪರ್‌ನಲ್ಲಿ ಬರೀತೀರಂತಲ್ಲ, ಬರೀರಿ ಸ್ವಾಮಿ. ಬೊಮ್ಮಿ ಹೆಸರು ಸರಿಯಾಗಿ ಹಾಕಿ. ಎರಡು ಜಡೆ ಅಂತಾನೂ.” ಹಾಗೆಯೇ ಹಾಕಿದ್ದೇನೆ.

ಮಧುಗಿರಿಯ ದಾರಿಯಲ್ಲಿ ಓಬಕ್ಕ ಬಿರುಸಾಗಿ ನಡೆಯುತ್ತಾಳೆ. ಮೂಗು ಒರೆಸಿಕೊಳ್ಳುತ್ತಾಳೆ, ಎರಡು ಸಲ. ಅಷ್ಟೊಂದು ಒಳಗೇ ಇಟ್ಟುಕೊಂಡರೆ ಅವಳದನ್ನು ಕೇಳುವವರು ಯಾರು?

“ಇಲ್ದೆ ಏನು! ನಾಗರತ್ನಮ್ಮ ಅವ್ಳೆ. ನಾಳಿದ್ದು ಬುಕ್ಕಾಪಟ್ಟಣಕ್ಕೆ ಹೋಗ್ತೀನಿ. ಇವತ್ತು ನುಂಗಿದ್ದೆಲ್ಲಾ ಅವಳ ಮುಂದೆ ಸುರೀತೀನಿ. ಇಂಥ ಮನೆಗೆ ಹೋಗಿ ಬಂದಾಗೆಲ್ಲಾ ನಂಗೆ ಒಂದು ಪೂರಾ ಹೊತ್ತು, ಅವಳು ಬಾಯಿ ತೆಗಿಯೋ ಹಂಗಿಲ್ಲ. ಅವಳ ಸರದಿ ಬಂದಾಗ ನಾನೂ ಅಂಗೇ. ಅಲ್ಲಿ ಅತ್ತೂ ಕರೆದೂ ಬರ್ತೀನಿ, ಅದಕ್ಕೇ ಇಲ್ಲಿ ಸುಮ್ಕಿರಕ್ಕಾಗೋದು. ನನ್ ಗಾಯ ಹಸಿಯಾಗಿರೋ ದಿನ ಸಾವಿನ ಮನೆ ಕಲ್ಲು ಒಪ್ಕಳಲ್ಲ ನಾನು.”

ಮಧುಗಿರಿಯ ಸಂತೆಬೀದಿಗೆ ಎಣ್ಣೆ ಇಂಜಿನ್ನಿನ ಹಿಟ್ಟಿನ ಗಿರಣಿ ಬಂದು ಎರಡು ವರ್ಷವಾಯಿತು. ಮನೆಯ ಕಲ್ಲುಗಳು ಒಂದೊಂದಾಗಿ ಮೂಲೆ ಸೇರುತ್ತಿವೆ. ಮುಂದೇನು ಎಂದರೆ ಓಬಕ್ಕ ಭುಜ ಕುಣಿಸುತ್ತಾಳೆ. ಮುಂದಿನದಕ್ಕಿಂತ ಹತ್ತಿರದ ಒಂದು ಆಸೆ ಅವಳಿಗಿದೆ.

“ಇನ್ನೊಂದು ಮೂರು ತಿಂಗ್ಳಿಗೋ ಆರು ತಿಂಗ್ಳಿಗೋ ಕಾಟಮ್ಮ ನನ್ನ ಬೈಬೇಕು ಸಾಮಿ.”

“ಬೈಯಬೇಕೇ?”

“ಹೂಂ! ‘ಏನೇ ಓಬಕ್ಕ, ಹಿಂಗಾ ಉಳಿ ಹಾಕೋದು, ಹಿಟ್ಟೆಲ್ಲಾ ತರಿ ತರಿ’ ಅಂತ ಬೀದೀಲಿ ನಿಲ್ಸಿ ಬೈಬೇಕು. ದುಃಖದಲ್ಲಿರೋರಿಗೆ ಹಿಟ್ಟು ತರಿಯೋ ನುಣುಪೋ ಗೊತ್ತಾಗಲ್ಲ, ಕೊಟ್ಟಿದ್ದು ನುಂಗ್ತಾರೆ. ನಾಲಿಗೆಗೆ ರುಚಿ ತಿರುಗಿ ಬಂದೋಳೇ ಜಗಳಕ್ಕೆ ಬರೋದು.” ಓಬಕ್ಕ ನಿಂತು, ಬೆರಳು ಮಡಿಸಿ, ಊರು ಊರಿನ ಹೆಸರು ಗೊಣಗುತ್ತಾ ಎಣಿಸುತ್ತಾಳೆ. ಮುಖ ಅರಳುತ್ತದೆ. “ಇಲ್ಲೀಗಂಟ ಅಂಥಾ ಹದಿಮೂರು ಮನೇಲಿ ಬೈಸ್ಕಂಡಿದ್ದೀನಿ. ನನ್ ಕೆಲಸಕ್ಕೆ ಹೆಸರಿಟ್ಟೋರು ಈ ನಾಲ್ಕು ತಾಲ್ಲೂಕಲ್ಲಿ ಆ ಹದಿಮೂರು ಜನಾನೇ.”